₹7,050 ಮತ್ತು ಒಂದು ಪತ್ರ

ಆ ತಾಯಿ ಪತ್ರ ಹಿಡಿದುಕೊಂಡು ಆಸ್ಪತ್ರೆಯ ವಿಚಾರಣೆ ಕೌಂಟರಿನ ಮುಂದೆ ನಿಂತಿದ್ದರು. ಗಂಡನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ, ಮನೆಗೆ ಹೋಗಿ, ಎರಡು ವಾರವಾಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಪತ್ರವನ್ನು ಊರಿನಲ್ಲಿ ಯಾರೋ ಓದಿ ಹೇಳಿದ್ದರು. ಅದನ್ನು ಕೇಳಿಸಿಕೊಂಡವರೇ ಮೊದಲ ಬಸ್ಸಿಗೆ ಹೊರಟು ಬಂದಿದ್ದರು. ಕೌಂಟರಿನ ಹುಡುಗನಿಗೆ ಅವರು ಕೇಳಿದ್ದು ಇಷ್ಟೇ: "ಮತ್ತೆ ದುಡ್ಡು ಕಟ್ಬೇಕಂತಾ ಇದ್ರಲ್ಲಿ? ಇನ್ನೆಷ್ಟು ಅಂತ ಹೇಳಪ್ಪ."

ಅದು ದುಡ್ಡು ಕೇಳುವ ಪತ್ರವಲ್ಲ. ಅವರಿಂದ ಹೆಚ್ಚಾಗಿ ತೆಗೆದುಕೊಂಡ ದುಡ್ಡನ್ನು ವಾಪಸ್ ಕೊಡುತ್ತೇವೆ ಎಂದು ಆಸ್ಪತ್ರೆ ಬರೆದಿದ್ದ ಕ್ಷಮಾಪಣೆಯ ಪತ್ರ. ಆಸ್ಪತ್ರೆಯ ಆಡಳಿತದಲ್ಲಿರುವ ಪರಿಚಿತರೊಬ್ಬರು ಅದೇ ದಿನ ನನಗೆ ಫೋನ್ ಮಾಡಿ, "ಇದರಲ್ಲಿ ಏನು ತಪ್ಪಾಗಿದೆ ನೋಡಿ" ಎಂದು ಕರೆದರು. ಅದು ನಮ್ಮ ಜಿಲ್ಲೆಯದೇ ಒಂದು ಖಾಸಗಿ ಆಸ್ಪತ್ರೆ; ಹೆಸರು ಇಲ್ಲಿ ಬೇಡ. ಪತ್ರ ಹೀಗಿತ್ತು:

"ಮಾನ್ಯರೇ, ತಮ್ಮ ಒಳರೋಗಿ ಬಿಲ್ಲಿಗೆ ಸಂಬಂಧಿಸಿದಂತೆ ಸಲ್ಲಿಸಲಾದ ಮನವಿಯನ್ನು ಪರಿಶೀಲಿಸಲಾಗಿದೆ. ಕೆಲವು ತಾಂತ್ರಿಕ ಕಾರಣಗಳಿಂದ ಬಿಲ್ಲಿನಲ್ಲಿ ವ್ಯತ್ಯಾಸ ಉಂಟಾಗಿರುವುದು ಗಮನಕ್ಕೆ ಬಂದಿದ್ದು, ಸರಿಪಡಿಸಲು ಅಗತ್ಯ ಕ್ರಮ ಕೈಗೊಳ್ಳಲಾಗಿದೆ. ಅರ್ಹ ಮೊತ್ತದ ಮರುಪಾವತಿ ಪ್ರಕ್ರಿಯೆಯು ನಿಯಮಾನುಸಾರ ಆದಷ್ಟು ಶೀಘ್ರವಾಗಿ ಪೂರ್ಣಗೊಳ್ಳಲಿದೆ. ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ಗುಣಮಟ್ಟದ ಸೇವೆಗೆ ನಮ್ಮ ಸಂಸ್ಥೆ ಸದಾ ಬದ್ಧವಾಗಿದೆ."

ಇದನ್ನು ಎರಡು ಸಲ ಓದಿದ ಮೇಲೆ ಆ ತಾಯಿಯ ಭಯ ನನಗೆ ಪೂರ್ತಿ ಅರ್ಥವಾಯಿತು. ಬಿಲ್ಲಿನಲ್ಲಿ "ವ್ಯತ್ಯಾಸ" ಎಂದರೆ ಹೆಚ್ಚು ಹಾಕಿದ್ದೂ ಆಗಬಹುದು, ಕಡಿಮೆ ಹಾಕಿದ್ದೂ ಆಗಬಹುದು. ಇನ್ನು "ಮರುಪಾವತಿ". ಹಳ್ಳಿಯ ಮನೆಗೆ ಈ ಪದ ಬರುವುದು ಸೊಸೈಟಿಯಿಂದ, ಬ್ಯಾಂಕಿನಿಂದ, ಸಂಘದ ಸಾಲದ ನೋಟಿಸಿನಿಂದ. ಸಾಲದ ಮರುಪಾವತಿ ಎಂದರೆ ನಾವು ಕಟ್ಟುವುದು. ಆಸ್ಪತ್ರೆಯ ಮರುಪಾವತಿ ಎಂದರೆ ಅವರು ನಮಗೆ ಕೊಡುವುದು. ಒಂದೇ ಪದ ಎರಡು ದಿಕ್ಕಿಗೂ ನಡೆಯುತ್ತದೆ. ಯಾರು ಯಾರಿಗೆ ಕೊಡುತ್ತಾರೆ ಎಂಬುದನ್ನು ಪತ್ರದ ಒಂದು ಸಾಲೂ ಹೇಳುವುದಿಲ್ಲ. ಸಾಲದ ಅನುಭವವೇ ಹೆಚ್ಚಿರುವ ಮನೆಯವರು ಅದನ್ನು ಸಾಲದ ಅರ್ಥದಲ್ಲೇ ಓದಿಕೊಂಡರು. ಅವರ ಓದಿನಲ್ಲಿ ತಪ್ಪಿಲ್ಲ.

ಪದ ಬದಲಿಸಿದರೆ ಕೆಲಸ ಮುಗಿಯಿತು ಎಂದು ಆಡಳಿತದವರು ಅಂದುಕೊಂಡಿದ್ದರು. ನಾನೂ ಮೊದಲು ಹಾಗೇ ಅಂದುಕೊಂಡು ಪೆನ್ನು ತೆಗೆದೆ. "ವ್ಯತ್ಯಾಸ" ಹೊಡೆದು "ತಪ್ಪು" ಎಂದು ಬರೆದೆ. ಏನು ತಪ್ಪು? ಪತ್ರದಲ್ಲಿಲ್ಲ. "ಅರ್ಹ ಮೊತ್ತ" ಹೊಡೆದೆ. ಎಷ್ಟು ಮೊತ್ತ? ಅದೂ ಇಲ್ಲ. "ಆದಷ್ಟು ಶೀಘ್ರವಾಗಿ" ಹೊಡೆದೆ. ಯಾವತ್ತು? ಪತ್ರ ಟೈಪ್ ಮಾಡಿದವರಿಗೂ ಗೊತ್ತಿರಲಿಲ್ಲ. ಭಾಷೆಯ ಮಂಜು ಕಂಡಲ್ಲೆಲ್ಲ ಅದರ ಹಿಂದೆ ಯಾರೋ ಕೇಳದೇ ಬಿಟ್ಟ ಒಂದು ಪ್ರಶ್ನೆ ಇತ್ತು. ಹಾಗಾಗಿ ಪೆನ್ನು ಮುಚ್ಚಿಟ್ಟು ಬಿಲ್ಲಿಂಗ್ ವಿಭಾಗಕ್ಕೆ ಹೋದೆ.

ಅಲ್ಲಿನ ಮೇಲ್ವಿಚಾರಕಿ ಹದಿನೈದು ವರ್ಷದಿಂದ ಅದೇ ಕೆಲಸ ಮಾಡುತ್ತಿರುವವರು. "ತಾಂತ್ರಿಕ ಕಾರಣ ಅಂದ್ರೆ ಏನು ಮೇಡಂ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾಂತ್ರಿಕ ಏನೂ ಇಲ್ಲ ಸರ್. ವಾರ್ಡ್ ಶಿಫ್ಟ್ ಮಾಡಿದ್ದು ಸಿಸ್ಟಮ್ಮಿಗೆ ಹಾಕಿಲ್ಲ, ಅಷ್ಟೇ" ಎಂದರು.

ನಡೆದದ್ದು ಇದು. ರೋಗಿ 2025ರ ಜೂನ್ 2ರ ಬೆಳಿಗ್ಗೆ ದಾಖಲಾದರು. ಇಬ್ಬರು ಇರುವ ಕೊಠಡಿ, ದಿನಕ್ಕೆ ₹3,200. ಆಪರೇಷನ್ ಆದ ಮೇಲೆ ಖರ್ಚು ಕಡಿಮೆಯಾಗಲಿ ಎಂದು ಮನೆಯವರೇ ಕೇಳಿಕೊಂಡಿದ್ದರಿಂದ ಜೂನ್ 4ರ ಬೆಳಿಗ್ಗೆ ಅವರನ್ನು ಜನರಲ್ ವಾರ್ಡಿಗೆ ಕಳಿಸಿದರು. ಅಲ್ಲಿ ದಿನಕ್ಕೆ ₹1,400. ಜೂನ್ 7ರ ಬೆಳಿಗ್ಗೆ ಡಿಸ್ಚಾರ್ಜ್. ಹಾಸಿಗೆ ಬದಲಾದದ್ದು ವಾರ್ಡಿನ ನರ್ಸ್ ರಿಜಿಸ್ಟರಿನಲ್ಲಿ ಸಮಯದ ಸಮೇತ ಇತ್ತು. ಆದರೆ ಬಿಲ್ ತಯಾರಾಗುವುದು ರಿಜಿಸ್ಟರಿನಿಂದ ಅಲ್ಲ, ಕಂಪ್ಯೂಟರಿನಿಂದ. ಅಲ್ಲಿ ರೋಗಿ ಕೊನೆಯ ದಿನದವರೆಗೂ ಇಬ್ಬರ ಕೊಠಡಿಯಲ್ಲೇ ಇದ್ದರು. ಬಿಲ್ಲಿನಲ್ಲಿ ಐದು ದಿನಕ್ಕೆ ₹3,200ರಂತೆ ₹16,000 ಬಂತು. ಬರಬೇಕಾಗಿದ್ದದ್ದು ಮೊದಲ ಎರಡು ದಿನಕ್ಕೆ ₹6,400, ಉಳಿದ ಮೂರು ದಿನಕ್ಕೆ ₹4,200, ಒಟ್ಟು ₹10,600. ಹೆಚ್ಚಾಗಿದ್ದು ₹5,400.

ಮನೆಯವರು ಕಂಡುಹಿಡಿದದ್ದು ಇದನ್ನು. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಿಲ್ಲಿನ ಮೊದಲ ಪುಟದ ಒಟ್ಟು ಮೊತ್ತ ನೋಡಿ ಸುಮ್ಮನಾಗದೆ, ವಿವರವಾದ ಬಿಲ್ ಕೇಳಿ ಪಡೆದು, ದಿನ ಎಣಿಸಿದ್ದ. ಆದರೆ ಅವನಿಗೂ ಕಾಣದ ಒಂದು ಭಾಗ ಉಳಿದಿತ್ತು. ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಕೊಠಡಿಯ ದರ್ಜೆಗೆ ತಕ್ಕಂತೆ ಬೇರೆ ಶುಲ್ಕಗಳೂ ಏರುತ್ತವೆ, ಇಳಿಯುತ್ತವೆ. ಅದೇ ವೈದ್ಯರು ಅದೇ ರೋಗಿಯನ್ನು ನೋಡಿದರೂ ಜನರಲ್ ವಾರ್ಡಿನಲ್ಲಿ ಒಂದು ದರ, ಕೊಠಡಿಯಲ್ಲಿ ಇನ್ನೊಂದು ದರ. ಈ ಆಸ್ಪತ್ರೆಯಲ್ಲಿ ವೈದ್ಯರ ಭೇಟಿಗೆ ಇಬ್ಬರ ಕೊಠಡಿಯಲ್ಲಿ ₹800, ಜನರಲ್ ವಾರ್ಡಿನಲ್ಲಿ ₹500. ನರ್ಸಿಂಗ್ ಶುಲ್ಕ ದಿನಕ್ಕೆ ₹600 ಮತ್ತು ₹350. ಕಂಪ್ಯೂಟರಿನಲ್ಲಿ ದರ್ಜೆ ತಪ್ಪಾಗಿ ಉಳಿದದ್ದರಿಂದ ಮೂರು ದಿನದ ಭೇಟಿಗೆ ₹900, ನರ್ಸಿಂಗಿಗೆ ₹750 ಕೂಡ ಹೆಚ್ಚಾಗಿತ್ತು. ಎಲ್ಲ ಸೇರಿ ₹7,050.

ಇಲ್ಲಿ ಆಸ್ಪತ್ರೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ದೂರು ಇದ್ದದ್ದು ₹5,400ಕ್ಕೆ. ಉಳಿದ ₹1,650ನ್ನು ಬಿಲ್ಲಿಂಗ್ ವಿಭಾಗದವರೇ ಹುಡುಕಿ ತೆಗೆದಿದ್ದರು. ಆದರೆ ಅವರು ಬರೆದ ಪತ್ರದಲ್ಲಿ ಈ ಪ್ರಾಮಾಣಿಕತೆಯ ಸುಳಿವೂ ಇರಲಿಲ್ಲ. "ಅರ್ಹ ಮೊತ್ತ" ಎಂಬ ಎರಡು ಪದದ ಕೆಳಗೆ ಅದು ಹೂತುಹೋಗಿತ್ತು.

"ತಾಂತ್ರಿಕ ಕಾರಣ" ಎಂದು ಬರೆದದ್ದು ಯಾರನ್ನೋ ಕಾಪಾಡಲು. ನೋಂದಣಿ ಮಾಡದೆ ಬಿಟ್ಟವರು ಹೊಸ ಹುಡುಗಿ, ಅವಳಿಗೆ ತೊಂದರೆಯಾಗಬಾರದು ಎಂಬುದು ಮೇಲ್ವಿಚಾರಕಿಯ ಕಾಳಜಿ. ಆ ಕಾಳಜಿ ಸರಿ. ಅದಕ್ಕೆ ಸುಳ್ಳು ಬೇಕಾಗಿಲ್ಲ. ಯಾರ ಹೆಸರನ್ನೂ ಹೇಳದೆ "ನಮ್ಮ ಸಿಬ್ಬಂದಿ ನಮೂದಿಸಲಿಲ್ಲ" ಎಂದರೆ ಹುಡುಗಿಯೂ ಉಳಿಯುತ್ತಾಳೆ, ಸತ್ಯವೂ ಉಳಿಯುತ್ತದೆ. ಈ ಸತ್ಯದಿಂದ ಓದುವವರಿಗೆ ಪ್ರಯೋಜನವೂ ಇದೆ. ಕಂಪ್ಯೂಟರ್ ಕೆಟ್ಟಿತ್ತು ಎಂದು ಕೇಳಿದವರಿಗೆ ಬಿಲ್ಲಿನ ಪ್ರತಿ ಸಾಲಿನ ಮೇಲೂ ಅನುಮಾನ ಬರುತ್ತದೆ. ವಾರ್ಡ್ ಬದಲಾದದ್ದನ್ನು ಬರೆಯಲಿಲ್ಲ ಎಂದು ತಿಳಿದವರು ಎಲ್ಲಿ ನೋಡಬೇಕೋ ಅಲ್ಲಿ ನೋಡಿ, ಲೆಕ್ಕ ಹಾಕಿ, ಸಮಾಧಾನಪಡುತ್ತಾರೆ.

ನಮ್ಮ ಕಚೇರಿಗಳ ಕನ್ನಡಕ್ಕೆ "ಲಾಗಿದೆ" ಅಂಟಿಕೊಂಡಿದೆ. ಪರಿಶೀಲಿಸಲಾಗಿದೆ, ಕೈಗೊಳ್ಳಲಾಗಿದೆ, ತಿಳಿಸಲಾಗಿದೆ. ಮನೆಯಲ್ಲಿ ಯಾರೂ "ಹಾಲು ಚೆಲ್ಲಲಾಗಿದೆ" ಎನ್ನುವುದಿಲ್ಲ. ಚೆಲ್ಲಿದವರು ಚೆಲ್ಲಿದೆ ಎನ್ನುತ್ತಾರೆ. "ಲಾಗಿದೆ" ಬಂದ ಕೂಡಲೇ ಮಾಡಿದವರು ವಾಕ್ಯದಿಂದ ಮಾಯವಾಗುತ್ತಾರೆ. ಸರ್ಕಾರಿ ಸುತ್ತೋಲೆಯಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಕ್ಷಮೆ ಕೇಳುವ ಪತ್ರದಲ್ಲಿ ಆಗುವುದಿಲ್ಲ, ಏಕೆಂದರೆ ಮಾಡಿದವರೇ ಇಲ್ಲದಿದ್ದರೆ ಕೇಳುವವರು ಯಾರು? "ವಿಷಾದ" ಎಂಬ ಪದದ್ದೂ ಇದೇ ತೊಡಕು. ಯಾರೋ ತೀರಿಕೊಂಡರೂ ವಿಷಾದ, ಬಸ್ಸು ತಡವಾದರೂ ವಿಷಾದ. ಅದು ಬೇಸರವನ್ನು ಹೇಳುತ್ತದೆ, ಹೊಣೆಯನ್ನು ಹೇಳುವುದಿಲ್ಲ. ಹೆಚ್ಚು ದುಡ್ಡು ತೆಗೆದುಕೊಂಡವರು "ಕ್ಷಮೆ ಕೇಳುತ್ತೇವೆ" ಎನ್ನಬೇಕು.

ಅತ್ಯಂತ ಹೆಚ್ಚು ಹೊತ್ತು ಹಿಡಿದದ್ದು ದಿನಾಂಕ. "ಆದಷ್ಟು ಬೇಗ" ತೆಗೆದು "ಏಳು ದಿನದೊಳಗೆ" ಎಂದು ಹಾಕೋಣ ಎಂದರು ಆಡಳಿತದವರು. ಯಾವ ದಿನದಿಂದ ಏಳು? ಪತ್ರ ಬರೆದ ದಿನದಿಂದಲೋ, ತಲುಪಿದ ದಿನದಿಂದಲೋ, ಅಕೌಂಟ್ಸ್ ವಿಭಾಗ ಸಹಿ ಹಾಕಿದ ದಿನದಿಂದಲೋ? ಇದಕ್ಕೆ ಉತ್ತರ ಬೇಕಾದರೆ ದುಡ್ಡು ನಡೆಯುವ ದಾರಿ ಗೊತ್ತಿರಬೇಕು. ಮೊದಲು ಹಳೆಯ ಬಿಲ್ ರದ್ದಾಗಿ ತಿದ್ದಿದ ಬಿಲ್ ಆಗಬೇಕು. ಅದಕ್ಕೆ ಮೇಲಿನವರ ಅನುಮತಿ ಬೇಕು. ಆಮೇಲೆ ಅಕೌಂಟ್ಸ್‌ನವರು ರೀಫಂಡ್ ವೋಚರಿಗೆ ಸಹಿ ಹಾಕಬೇಕು. ಇಷ್ಟರವರೆಗಿನ ದಿನಗಳು ಪೂರ್ತಿ ಆಸ್ಪತ್ರೆಯ ಕೈಯಲ್ಲಿವೆ. ಆಮೇಲಿನ ದಿನಗಳು ಬ್ಯಾಂಕಿನ ಕೈಯಲ್ಲಿ. ಖಾತೆಗೆ ನೆಫ್ಟ್ ಮಾಡಿದರೆ ಬ್ಯಾಂಕಿನ ಭಾಗ ಕೆಲವೇ ಗಂಟೆಗಳದ್ದು. 2019ರ ಡಿಸೆಂಬರಿನಿಂದ ನೆಫ್ಟ್ ರಜಾದಿನವೂ ಸೇರಿ ಹಗಲಿರುಳು ನಡೆಯುತ್ತದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಮಾತ್ರ ದುಡ್ಡು ಅದೇ ಕಾರ್ಡಿಗೆ ಹಿಂದಿರುಗುವುದು ವಾಡಿಕೆ. ಆಗ ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ ಹಿಡಿಯುತ್ತದೆ.

ಈ ಮನೆಯವರ ಒಟ್ಟು ಬಿಲ್ ₹1,12,480. ದಾಖಲಾಗುವಾಗ ಅಡ್ವಾನ್ಸ್ ಎಂದು ₹40,000 ನಗದು ಕಟ್ಟಿದ್ದರು. ಉಳಿದ ₹72,480ನ್ನು ಡಿಸ್ಚಾರ್ಜ್ ದಿನ ಮಗ ತನ್ನ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದ. ರೀಫಂಡ್ ಅದೇ ಕಾರ್ಡಿಗೆ ಎಂದು ಅಕೌಂಟ್ಸ್ ತೀರ್ಮಾನಿಸಿತ್ತು. ಎಂದರೆ ಆ ತಾಯಿಯ ಪಾಸ್‌ಬುಕ್ಕಿಗೆ ದುಡ್ಡು ಬರುವುದೇ ಇಲ್ಲ. ಮಗನ ಉಳಿತಾಯ ಖಾತೆಗೂ ಬರುವುದಿಲ್ಲ. ಕಾರ್ಡಿನ ಬಾಕಿಯಲ್ಲಿ ₹7,050 ಕಡಿಮೆಯಾಗುತ್ತದೆ. ಇದನ್ನು ಹೇಳದೆ ಬರೀ ದಿನಾಂಕ ಕೊಟ್ಟಿದ್ದರೆ, ಆ ದಿನ ಅವರು ಬ್ಯಾಂಕಿಗೆ ಹೋಗಿ, ಪಾಸ್‌ಬುಕ್ ಪ್ರಿಂಟ್ ಹಾಕಿಸಿ, "ಬಂದಿಲ್ಲ" ಎಂದು ಮತ್ತೆ ಆಸ್ಪತ್ರೆಗೆ ಬರುತ್ತಿದ್ದರು. ದುಡ್ಡು ಎಲ್ಲಿಗೆ ಬರುತ್ತದೆ ಎಂಬುದು ಯಾವಾಗ ಬರುತ್ತದೆ ಎಂಬುದರಷ್ಟೇ ಮುಖ್ಯ.

ಕೆಲಸದ ದಿನ ಎಂಬುದನ್ನೂ ಓದುವವರ ತಲೆಗೆ ಬಿಡಬಾರದು. ಅಕೌಂಟ್ಸ್ ಜೂನ್ 24ರ ಮಂಗಳವಾರ ಕಾರ್ಡಿಗೆ ಹಣ ಕಳಿಸುತ್ತೇವೆ ಎಂದಿತು. ಅಲ್ಲಿಂದ ಏಳು ಕೆಲಸದ ದಿನ ಎಣಿಸಿದರೆ ಮಧ್ಯೆ 28ನೇ ತಾರೀಖು ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ, 29 ಭಾನುವಾರ. ಏಳನೇ ದಿನ ಬೀಳುವುದು ಜುಲೈ 3ರ ಗುರುವಾರ. ಎಣಿಸುವ ಕೆಲಸ ಬರೆಯುವವರದು. ಹೀಗೆ ಎರಡು ದಿನಾಂಕಗಳನ್ನು ಬಿಡಿಸಿ ಬರೆದೆವು: ನಾವು ಕಳಿಸುವ ದಿನ, ನಿಮಗೆ ಕಾಣುವ ದಿನ. ಮೊದಲನೆಯದು ಮಾತು ಕೊಡುವುದು, ಎರಡನೆಯದು ಅಂದಾಜು. ಬ್ಯಾಂಕಿನ ಪರವಾಗಿ ಆಸ್ಪತ್ರೆ ಮಾತು ಕೊಡಲು ಬರುವುದಿಲ್ಲ, ತನ್ನ ಮೇಜಿನ ತಡವನ್ನು ಬ್ಯಾಂಕಿನ ತಲೆಗೆ ಕಟ್ಟಲೂ ಬಾರದು.

ಇನ್ನೊಂದು ವಿಷಯ ಹೊಳೆದದ್ದು ಮೇಲ್ವಿಚಾರಕಿಗೆ. ಮಗನ ಕಂಪನಿಯ ವಿಮೆಯಲ್ಲಿ ತಂದೆಯೂ ಇದ್ದಾರೆ. ಬಿಲ್ ಮೊದಲು ಕಟ್ಟಿ ಆಮೇಲೆ ಕ್ಲೇಮ್ ಮಾಡುವ ದಾರಿ ಅವರದು. ಈಗ ಮನೆಯಲ್ಲಿ ಎರಡು ಬಿಲ್ಲುಗಳಿವೆ. ಹಳೆಯದನ್ನು ಕಳಿಸಿದರೆ, ವಾಪಸ್ ಬರುವ ದುಡ್ಡಿಗೂ ವಿಮೆ ಕೇಳಿದಂತಾಗುತ್ತದೆ. ವಿಮೆಯವರು ಆಸ್ಪತ್ರೆಗೆ ವಿಚಾರಿಸಿದಾಗ ಮೊತ್ತ ಹೊಂದದೆ ಕ್ಲೇಮ್ ನಿಂತುಬಿಡಬಹುದು. ಯಾವ ಬಿಲ್ ಇನ್ನು ನಡೆಯುತ್ತದೆ, ಯಾವುದು ರದ್ದು ಎಂದು ಒಂದು ಸಾಲು ಬರೆದರೆ ಇಷ್ಟೂ ತಪ್ಪುತ್ತದೆ. ನಗದುರಹಿತ ವಿಮೆಯಲ್ಲಿ ಚಿಕಿತ್ಸೆ ಆಗಿದ್ದರಂತೂ ಹೆಚ್ಚಾದ ಹಣ ರೋಗಿಗೆ ಎಷ್ಟು, ವಿಮಾ ಕಂಪನಿಗೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ಕಟ್ಟಿದವರು ಇಬ್ಬರು.

ಕರಡು ಸಿದ್ಧವಾದಾಗ ಆಡಳಿತದವರು ಅಳುಕಿದರು. ಹೀಗೆ ತಪ್ಪೊಪ್ಪಿಕೊಂಡು ಬರೆದುಕೊಟ್ಟರೆ ನಾಳೆ ಗ್ರಾಹಕರ ಆಯೋಗದಲ್ಲಿ ನಮ್ಮ ವಿರುದ್ಧವೇ ಹಾಜರುಪಡಿಸುವುದಿಲ್ಲವೇ ಎಂದರು. ಕೇಳಬೇಕಾದ ಪ್ರಶ್ನೆಯೇ. ಹಣ ಕೊಟ್ಟು ಪಡೆಯುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೆ ಹಳೆಯ ಬಿಲ್ ಮತ್ತು ತಿದ್ದಿದ ಬಿಲ್ ಎರಡೂ ರೋಗಿಯ ಕೈಯಲ್ಲಿವೆ. ಎರಡನ್ನೂ ಪಕ್ಕದಲ್ಲಿಟ್ಟರೆ ತಪ್ಪು ತಾನಾಗಿ ಕಾಣುತ್ತದೆ. ಪತ್ರ ಮರೆಮಾಚಿದ್ದರಿಂದ ಏನೂ ಮುಚ್ಚುವುದಿಲ್ಲ. ಮುಚ್ಚಲು ನೋಡಿದರು ಎಂಬುದಕ್ಕೆ ಇನ್ನೊಂದು ಕಾಗದ ಸಿಕ್ಕಂತಾಗುತ್ತದೆ. ಚಿಕಿತ್ಸೆಯ ವಿಷಯದ ತಪ್ಪಾಗಿದ್ದರೆ ವಕೀಲರನ್ನು ಕೇಳಿಯೇ ಬರೆಯಬೇಕು. ಇದು ಕೂಡುವ ಕಳೆಯುವ ಲೆಕ್ಕದ ತಪ್ಪು. ಲೆಕ್ಕವನ್ನು ಲೆಕ್ಕವಾಗಿಯೇ ಹೇಳುವುದು ಆಸ್ಪತ್ರೆಗೂ ಕ್ಷೇಮ ಎಂದು ನಾನು ಹೇಳಿದೆ, ಈಗಲೂ ಅದನ್ನೇ ನಂಬುತ್ತೇನೆ.

ಕೊನೆಗೆ ಹೋದ ಪತ್ರ ಇದು:

"ವಿಷಯ: ನಾವು ನಿಮ್ಮಿಂದ ಹೆಚ್ಚಾಗಿ ಪಡೆದ ₹7,050ನ್ನು ನಿಮಗೆ ವಾಪಸ್ ಕೊಡುವ ಬಗ್ಗೆ

ನಮಸ್ಕಾರ. ಜೂನ್ 7ರಂದು ನಾವು ಕೊಟ್ಟ ಬಿಲ್ಲಿನಲ್ಲಿ ತಪ್ಪಿತ್ತು. ನಿಮ್ಮಿಂದ ₹7,050 ಹೆಚ್ಚು ತೆಗೆದುಕೊಂಡಿದ್ದೇವೆ. ಅದನ್ನು ವಾಪಸ್ ಕೊಡುತ್ತಿದ್ದೇವೆ. ನೀವು ಇನ್ನೇನೂ ಕಟ್ಟಬೇಕಾಗಿಲ್ಲ. ಈ ತಪ್ಪಿಗಾಗಿ ಮತ್ತು ಇದನ್ನು ನೀವೇ ಕಂಡುಹಿಡಿದು ಹೇಳಬೇಕಾಗಿ ಬಂದದ್ದಕ್ಕಾಗಿ ಕ್ಷಮೆ ಕೇಳುತ್ತೇವೆ. ಇದಕ್ಕೆ ಮೊದಲು ಕಳಿಸಿದ ಪತ್ರ ಸ್ಪಷ್ಟವಾಗಿರಲಿಲ್ಲ. ಅದರ ಬದಲು ಇದನ್ನು ಓದಿಕೊಳ್ಳಿ.

ಜೂನ್ 4ರ ಬೆಳಿಗ್ಗೆ ನಿಮ್ಮನ್ನು ಇಬ್ಬರ ಕೊಠಡಿಯಿಂದ ಜನರಲ್ ವಾರ್ಡಿಗೆ ಕಳಿಸಿದೆವು. ನಮ್ಮ ಸಿಬ್ಬಂದಿ ಇದನ್ನು ಕಂಪ್ಯೂಟರಿನಲ್ಲಿ ನಮೂದಿಸಲಿಲ್ಲ. ಹೀಗಾಗಿ ಕೊನೆಯ 3 ದಿನಕ್ಕೂ ಕೊಠಡಿಯ ದರವನ್ನೇ ಹಾಕಿದೆವು. ಬಾಡಿಗೆಯಲ್ಲಿ ₹5,400, ವೈದ್ಯರ ಭೇಟಿಯಲ್ಲಿ ₹900, ನರ್ಸಿಂಗ್ ಶುಲ್ಕದಲ್ಲಿ ₹750 ಹೆಚ್ಚಾಯಿತು.

ಹಳೆಯ ಬಿಲ್ ₹1,12,480. ಸರಿಯಾದ ಬಿಲ್ ₹1,05,430. ಸರಿಯಾದ ಬಿಲ್ಲನ್ನು ಇದರ ಜೊತೆ ಇಟ್ಟಿದ್ದೇವೆ. ಹಳೆಯದು ರದ್ದಾಗಿದೆ. ವಿಮೆಗೆ ಹೊಸ ಬಿಲ್ಲನ್ನೇ ಕೊಡಿ. ಹಳೆಯದನ್ನು ಈಗಾಗಲೇ ಕೊಟ್ಟಿದ್ದರೆ ನಮಗೆ ತಿಳಿಸಿ, ವಿಮೆಯವರಿಗೆ ನಾವು ಪತ್ರ ಕೊಡುತ್ತೇವೆ.

ಡಿಸ್ಚಾರ್ಜ್ ದಿನ ಹಣ ಕಟ್ಟಿದ ನಿಮ್ಮ ಮಗನ ಕ್ರೆಡಿಟ್ ಕಾರ್ಡಿಗೆ ಜೂನ್ 24ರಂದು ₹7,050 ಕಳಿಸುತ್ತೇವೆ. ಕಳಿಸಿದ ದಿನವೇ ಅದರ ಉಲ್ಲೇಖ ಸಂಖ್ಯೆಯನ್ನು ಮಗನ ಮೊಬೈಲಿಗೆ ಮೆಸೇಜ್ ಮಾಡುತ್ತೇವೆ. ಬ್ಯಾಂಕ್ ಅದನ್ನು ಜಮಾ ಮಾಡಲು ಸಾಮಾನ್ಯವಾಗಿ ಜುಲೈ 3ರವರೆಗೆ ಹಿಡಿಯಬಹುದು. ಹಣ ಉಳಿತಾಯ ಖಾತೆಗೆ ಬರುವುದಿಲ್ಲ. ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಜಮಾ ಎಂದು ಕಾಣುತ್ತದೆ. ಜುಲೈ 3ರೊಳಗೆ ಕಾಣದಿದ್ದರೆ ಬಿಲ್ಲಿಂಗ್ ಮೇಲ್ವಿಚಾರಕರಿಗೆ ಕೆಳಗಿನ ನಂಬರಿಗೆ ಫೋನ್ ಮಾಡಿ. ನೀವು ಆಸ್ಪತ್ರೆಗೆ ಬರಬೇಕಾಗಿಲ್ಲ.

ವಾರ್ಡಿನಿಂದ ಹಾಸಿಗೆ ಬದಲಾವಣೆಯ ಚೀಟಿ ಬಂದು, ಕಂಪ್ಯೂಟರಿನ ಜೊತೆ ತಾಳೆ ನೋಡಿದ ಮೇಲೆಯೇ ಇನ್ನು ಮುಂದೆ ಅಂತಿಮ ಬಿಲ್ ಕೊಡುತ್ತೇವೆ."

ಕೊನೆಯ ಸಾಲಿನ ಜಾಗದಲ್ಲಿ ಮೊದಲು "ಇನ್ನೆಂದೂ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಎಂದಿತ್ತು. ಅದನ್ನು ತೆಗೆಸಿದೆ. ಅಂಥ ಮಾತನ್ನು ಯಾವ ಆಸ್ಪತ್ರೆಯೂ ಉಳಿಸಿಕೊಳ್ಳಲಾರದು. ಚೀಟಿ ನೋಡದೆ ಬಿಲ್ ಕೊಡುವುದಿಲ್ಲ ಎಂಬುದನ್ನು ಉಳಿಸಿಕೊಳ್ಳಬಹುದು, ಉಳಿಸಿಕೊಂಡಿದ್ದಾರೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಲೂಬಹುದು. ಉಲ್ಲೇಖ ಸಂಖ್ಯೆಯ ಸಾಲು ಚಿಕ್ಕದಾದರೂ ಗಟ್ಟಿ. ಕಾರ್ಡಿನ ರೀಫಂಡಿಗೆ ಎಆರ್‌ಎನ್ ಎಂಬ ಸಂಖ್ಯೆ, ನೆಫ್ಟಿಗೆ ಯುಟಿಆರ್ ಎಂಬ ಸಂಖ್ಯೆ ಇರುತ್ತದೆ. ಅದು ಕೈಯಲ್ಲಿದ್ದರೆ ನಮ್ಮ ಬ್ಯಾಂಕಿನಲ್ಲೇ ಕೇಳಿ ಹಣ ಎಲ್ಲಿದೆ ಎಂದು ತಿಳಿಯಬಹುದು. "ಕಳಿಸಿದ್ದೇವೆ" ಎಂದು ಹೇಳಿ ಸಂಖ್ಯೆ ಕೊಡದಿದ್ದರೆ ಇನ್ನೂ ಕಳಿಸಿಲ್ಲ ಎಂದು ಅನುಮಾನಪಡಲು ಕಾರಣವಿದೆ.

ಇಂಥ ಪತ್ರ ಎಲ್ಲರಿಗೂ ಬರುವುದಿಲ್ಲ. ಮಂಜು ತುಂಬಿದ ಪತ್ರ ಬಂದರೆ ಮೂರು ಸಾಲಿನ ಉತ್ತರ ಬರೆಯಿರಿ: ಬಿಲ್ಲಿನ ಯಾವ ಸಾಲು ತಪ್ಪಿತ್ತು, ಸರಿಯಾದ ಒಟ್ಟು ಎಷ್ಟು, ಯಾವ ದಿನ ಯಾವ ಖಾತೆಗೆ ಹಣ ಕಳಿಸುತ್ತೀರಿ. ಕೈಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಆಮೇಲೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗೆ ಪ್ರತಿ ಜಿಲ್ಲೆಯಲ್ಲೂ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ಆ ಮನೆಯ ₹7,050 ಜುಲೈ 1ಕ್ಕೆ ಮಗನ ಕಾರ್ಡಿಗೆ ಜಮಾ ಆಯಿತು. ಎರಡನೇ ಪತ್ರ ತಲುಪಿದ ಮೇಲೆ ಆ ತಾಯಿ ಆಸ್ಪತ್ರೆಗೆ ಬರಲೂ ಇಲ್ಲ, ಫೋನ್ ಮಾಡಲೂ ಇಲ್ಲ.